ಗಂಡನ ಕೆಲಸ ಹೋದಾಗ: ದುಡ್ಡು, ಡಬ್ಬಿ, ಹಾಸಿಗೆ, ಮೂರರ ಲೆಕ್ಕವನ್ನೂ ಬೇರೆ ಬೇರೆ ಇಡುವುದು ಹೇಗೆ

ನನ್ನ ಕೆಲಸ ಹೋಗಿದ್ದು ಒಂದು ಗುರುವಾರ. ಹನ್ನೊಂದು ಗಂಟೆಗೆ ಮೀಟಿಂಗ್ ಅಂದರು, ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಆಗ ನನಗೆ 41. ಕೈಗೆ ಬರುತ್ತಿದ್ದ ಸಂಬಳ 1,38,000. ಹೆಂಡತಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಇದ್ದಾಳೆ, ಅವಳದ್ದು 54,000. ಮನೆಯಲ್ಲಿ ಒಂಬತ್ತು ವರ್ಷದ ಮಗಳು, ನನ್ನ ಅಮ್ಮ, ಮತ್ತು ಒಂದು ಹೋಮ್ ಲೋನ್. ಬೆಂಗಳೂರಿನಲ್ಲಿ ಇಂಥ ಮನೆಗಳು ಬೀದಿಗೆ ನಾಲ್ಕು ಸಿಗುತ್ತವೆ.

ಹೊಸ ಕೆಲಸ ಹುಡುಕುವುದು ಹೇಗೆ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮಧ್ಯದ ಆ ಏಳು ತಿಂಗಳು, ಹೆಂಡತಿ ದುಡಿದು ಗಂಡ ಮನೆಯಲ್ಲಿರುವ ಕಾಲದಲ್ಲಿ, ಮನೆಯೊಳಗೆ ಏನಾಗುತ್ತದೆ ಅನ್ನೋದು ಇಲ್ಲಿನ ವಿಷಯ. ನಾನು ಮಾಡಿದ ತಪ್ಪು ಒಂದೇ, ಆದರೆ ದೊಡ್ಡದು. ದುಡ್ಡು, ಮನೆಕೆಲಸ, ಹಾಸಿಗೆ ಈ ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಂಡೆ. ಸಂಬಳ ಸೊನ್ನೆ ಆಯ್ತು ಅಂದರೆ ಮನೆಯಲ್ಲೂ ಸೊನ್ನೆ, ಅವಳ ಪಕ್ಕದಲ್ಲೂ ಸೊನ್ನೆ ಅಂದುಕೊಂಡೆ. ಇವನ್ನು ಬೇರೆ ಬೇರೆ ಪುಸ್ತಕ ಮಾಡುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

1. ಅದೇ ದಿನ ಹೇಳಿ, ಬಟ್ಟೆ ಹಾಕಿಕೊಂಡು ಹೊರಡಬೇಡಿ

ನಾನು ಹನ್ನೊಂದು ದಿನ ಹೇಳಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ಅವಳು ಕಟ್ಟಿದ ಡಬ್ಬಿ ತೆಗೆದುಕೊಂಡು ಹೊರಡುತ್ತಿದ್ದೆ. ಕಬ್ಬನ್ ಪಾರ್ಕಿನಲ್ಲಿ ಕೂತು ಅದೇ ಡಬ್ಬಿ ಊಟ ಮಾಡಿ, ಲೈಬ್ರರಿಯಲ್ಲಿ ಪೇಪರ್ ತಿರುವಿ, ಸಂಜೆ ಟ್ರಾಫಿಕ್ ಅಂತ ಸುಳ್ಳು ಹೇಳಿ ಮನೆಗೆ ಬರುತ್ತಿದ್ದೆ. ಗೊತ್ತಾಗಿದ್ದು ಹೇಗೆ? ಮೆಟ್ರೋ ಕಾರ್ಡ್ ರೀಚಾರ್ಜ್ ಮಾಡಿದ ಮೆಸೇಜು ಅವಳ ಫೋನಿಗೆ ಬರುತ್ತಿತ್ತು. ಆಫೀಸಿಗೆ ಕ್ಯಾಬ್‌ನಲ್ಲಿ ಹೋಗುವ ಮನುಷ್ಯನಿಗೆ ಮೆಟ್ರೋ ಯಾಕೆ?

ಅವತ್ತು ಅವಳು ಬೈದಿದ್ದು ಕೆಲಸ ಹೋಗಿದ್ದಕ್ಕಲ್ಲ. "ಹನ್ನೊಂದು ದಿನ ನನ್ನ ಪಕ್ಕ ಮಲಗಿದ್ರಲ್ಲಾ ರೀ, ಒಂದು ಮಾತು ಬಾಯಿಗೆ ಬರಲಿಲ್ವಾ?" ಅಂದಳು. ಕೆಲಸ ಹೋಗಿದ್ದು ಕಂಪನಿ ಮಾಡಿದ್ದು. ಹನ್ನೊಂದು ದಿನ ನಾನೇ ಮಾಡಿದ್ದು. ಆಮೇಲೆ ಬಂದ ದೂರಕ್ಕೆ ಅರ್ಧ ಕಾರಣ ಆ ಹನ್ನೊಂದು ದಿನ. ಅದಕ್ಕೇ ಹೇಳುತ್ತಿದ್ದೇನೆ, ಅದೇ ದಿನ ಹೇಳಿ. ಎರಡೇ ವಾಕ್ಯ ಸಾಕು: ಕೆಲಸ ಹೋಯ್ತು, ಇಷ್ಟು ದುಡ್ಡು ಕೊಡುತ್ತಾರಂತೆ. ಮುಂದೇನು ಅಂತ ಅದೇ ರಾತ್ರಿ ಕೂತು ಯೋಚಿಸಬೇಡಿ. ಆ ಹೊತ್ತಿನಲ್ಲಿ ಯಾರ ತಲೆಯೂ ನೆಟ್ಟಗಿರುವುದಿಲ್ಲ.

2. ಒಂದು ಹಾಳೆ, ಒಂದು ಸಲ

ಮುಂದಿನ ಭಾನುವಾರ ಇಬ್ಬರೂ ಒಂದು ಹಾಳೆ ಹಿಡಿದು ಕೂರಬೇಕು. ನಾವು ಬರೆದಿದ್ದು ಹೀಗಿತ್ತು. ಇಎಂಐ 41,000. ಸ್ಕೂಲ್ ಫೀ ಮೂರು ತಿಂಗಳಿಗೆ 28,000, ತಿಂಗಳಿಗೆ ಸುಮಾರು 9,300. ಅಮ್ಮನ ಮಾತ್ರೆ 3,200. ಮೆಂಟೆನೆನ್ಸ್ 4,500. ದಿನಸಿ, ಹಾಲು, ತರಕಾರಿ 12,500. ಕರೆಂಟು, ಗ್ಯಾಸು, ಫೋನು 3,500. ಇಬ್ಬರ ಕೈಖರ್ಚಿಗೆ ತಲಾ 2,000. ಒಟ್ಟು 78,000. ಅವಳ ಸಂಬಳ 54,000. ಕೊರತೆ 24,000.

ಕಂಪನಿ ಮೂರು ತಿಂಗಳ ಸಂಬಳ ಕೊಟ್ಟಿತ್ತು, 4,14,000. ಅದರಲ್ಲಿ 30,000 ಆರೋಗ್ಯ ವಿಮೆಗೆ ಅಂತ ಮೊದಲೇ ಪಕ್ಕಕ್ಕಿಟ್ಟೆವು. ಕಂಪನಿ ಕೊಟ್ಟ ವಿಮೆ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ನಿಂತುಹೋಗುತ್ತದೆ, ಇದನ್ನು ಮರೆಯಬೇಡಿ. ಉಳಿದಿದ್ದು 3,84,000. ಅದನ್ನು 24,000ದಿಂದ ಭಾಗಿಸಿದರೆ 16. ಅಂದರೆ ಹದಿನಾರು ತಿಂಗಳು. ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದಿದ್ದು "ಮುಂದಿನ ತಿಂಗಳು ಬೀದಿಗೆ ಬರ್ತೀವಿ" ಅನ್ನೋ ಒಂದೇ ಮಾತು. ಹಾಳೆ ನೋಡಿದ ಮೇಲೆ ಅವತ್ತು ರಾತ್ರಿ ನಿದ್ದೆ ಬಂತು. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿಯೂ ಇರುತ್ತದೆ, ಕಂಪನಿ ಅದನ್ನು 30 ದಿನದೊಳಗೆ ಕೊಡಬೇಕು. ಅದನ್ನು ನಾವು ಲೆಕ್ಕಕ್ಕೇ ಸೇರಿಸಲಿಲ್ಲ. ಬಂದ ಮೇಲೆ ನೋಡೋಣ ಅಂತ ಬಿಟ್ಟೆವು.

ಈಗ ಮಾನಕ್ಕೆ ಸಂಬಂಧಪಟ್ಟ ಭಾಗ. ಮೊದಲ ತಿಂಗಳು ನಾನು ತರಕಾರಿಗೆ ಹೋದಾಗಲೆಲ್ಲ ಅವಳಿಗೆ ಮೆಸೇಜ್ ಮಾಡುತ್ತಿದ್ದೆ: "300 ಹಾಕು". ಅವಳು ಕೌಂಟರಿನಲ್ಲಿ ಕೂತುಕೊಂಡೇ ಹಾಕುತ್ತಿದ್ದಳು. ಅವಳು ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಆದರೂ ಟೊಮೆಟೊ ಗಾಡಿ ಮುಂದೆ ನಿಂತು ಹೆಂಡತಿಯ ದುಡ್ಡಿಗೆ ಕಾಯುವ ಆ ಎರಡು ನಿಮಿಷ ಇದೆಯಲ್ಲ, ಅದು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತಿತ್ತು. ಅವಳು "ಎಷ್ಟು ಬೇಕು?" ಅಂದರೂ ನನಗೆ "ಎಷ್ಟು ಅಂತ ಕೊಡೋದು?" ಅಂತ ಕೇಳಿಸುತ್ತಿತ್ತು.

ಇದಕ್ಕೆ ಪರಿಹಾರ ಸುಲಭ. ಹಳೆಯ ಒಂದು ಜಂಟಿ ಖಾತೆ ಇತ್ತು. ತಿಂಗಳ ಒಂದನೇ ತಾರೀಕು ಮನೆಖರ್ಚಿನ ದುಡ್ಡು ಪೂರ್ತಿ ಅದಕ್ಕೆ ಹೋಗುತ್ತದೆ, ಅವಳ ಸಂಬಳದ್ದೂ ನನ್ನ ಇಡಿಗಂಟಿನದ್ದೂ ಸೇರಿ. ಅದರ ಕಾರ್ಡು ನನ್ನ ಪರ್ಸ್‌ನಲ್ಲಿ. ದಿನಸಿ ನನ್ನ ಜವಾಬ್ದಾರಿ, ಹಾಗಾಗಿ ಖರ್ಚು ಮಾಡುವವನೂ ನಾನೇ. ಕೇಳುವುದು ನಿಂತಿತು. ಕೈಖರ್ಚಿನ 2,000ಕ್ಕೆ ಇಬ್ಬರೂ ಲೆಕ್ಕ ಕೊಡಬೇಕಿಲ್ಲ. ನಾನು ಸ್ನೇಹಿತನ ಜೊತೆ ಕಾಫಿ ಕುಡಿದರೂ ಅಷ್ಟೇ, ಅವಳು ಬಳೆ ತಗೊಂಡರೂ ಅಷ್ಟೇ.

ದುಡ್ಡಿನ ಮಾತಿಗೆ ಒಂದು ಹೊತ್ತು ಇಟ್ಟುಕೊಳ್ಳಿ. ನಮ್ಮದು ಭಾನುವಾರ ತಿಂಡಿ ಆದ ಮೇಲೆ ಅರ್ಧ ಗಂಟೆ, ಹಾಲ್‌ನಲ್ಲಿ. ಮಲಗುವ ಕೋಣೆಯಲ್ಲಿ ದುಡ್ಡಿನ ಮಾತು ಬೇಡ, ಇಂಟರ್‌ವ್ಯೂ ಮಾತೂ ಬೇಡ. ಇದು ಯಾಕೆ ಅಷ್ಟು ಮುಖ್ಯ ಅಂತ ಕೊನೆಯಲ್ಲಿ ಬರುತ್ತದೆ.

3. "ಹೆಲ್ಪ್ ಮಾಡ್ತೀನಿ" ಅನ್ನೋದು ಬಿಡಿ, ಕೆಲಸವನ್ನೇ ತಗೊಳ್ಳಿ

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಮಾಡುವ ಗಂಡಸರು 97 ನಿಮಿಷ. ಅಂಥ ಗಂಡಸರೇ ಕಡಿಮೆ ಅನ್ನೋದು ಬೇರೆ ಮಾತು. ಕೆಲಸ ಹೋದ ಗಂಡ ಮನೆಯಲ್ಲೇ ಇದ್ದಾನೆ, ಹಾಗಾಗಿ ಈ ಲೆಕ್ಕ ತಾನಾಗೇ ಸರಿಹೋಗುತ್ತದೆ ಅಂತ ನೀವು ಅಂದುಕೊಳ್ಳಬಹುದು. ನನ್ನ ವಿಷಯದಲ್ಲಿ ಉಲ್ಟಾ ಆಯ್ತು. ಸಂಬಳ ಇದ್ದಾಗ ಭಾನುವಾರ ಖುಷಿಯಾಗಿ ದೋಸೆ ಹಾಕುತ್ತಿದ್ದವನು, ಕೆಲಸ ಹೋದ ಮೇಲೆ ಲೋಟ ಎತ್ತಿಡಲೂ ಹಿಂದೇಟು ಹಾಕಿದೆ. ಆಗ ದೋಸೆ ಹಾಕಿದರೆ ಒಳ್ಳೆ ಗಂಡ. ಈಗ ಹಾಕಿದರೆ ಕೆಲಸ ಇಲ್ಲದವನು. ತಲೆಯೊಳಗೆ ಹೀಗೆ ಓಡುತ್ತಿತ್ತು. ಗಂಡಸುತನದ ಒಂದು ಕಾಲು ಮುರಿದಾಗ ಇನ್ನೊಂದು ಕಾಲನ್ನು ಗಟ್ಟಿಯಾಗಿ ಊರಿ ನಿಲ್ಲೋಕೆ ನೋಡುತ್ತೇವೆ. ಇದು ನಿಮ್ಮಲ್ಲಿ ಕಂಡರೆ ಗುರುತಿಸಿಕೊಳ್ಳಿ. ಅವಳಿಗೆ ಇದು ಕಾಣುವುದು ಸೋಮಾರಿತನ ಅಂತಲೇ.

ಆಸ್ಟ್ರಿಯಾದಲ್ಲಿ ವಿಯೆನ್ನಾ ಹತ್ತಿರ ಮಾರಿಯೆಂಟಾಲ್ ಅಂತ ಒಂದು ಊರು. 1930ರ ಹೊತ್ತಿಗೆ ಅಲ್ಲಿನ ಗಿರಣಿ ಮುಚ್ಚಿ ಹೆಚ್ಚುಕಡಿಮೆ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಆಗ ಅಲ್ಲಿಗೆ ಹೋದ ಸಂಶೋಧಕರು ಬೀದಿಯಲ್ಲಿ ಜನ ನಡೆಯುವುದನ್ನು ಗಡಿಯಾರ ಹಿಡಿದು ನೋಡಿದರಂತೆ. ಗಂಡಸರು ನಿಧಾನ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರು ಬೇಗ ಬೇಗ ಹೋಗುತ್ತಿದ್ದರು. ಹೆಂಗಸರಿಗೆ ಗಿರಣಿ ಕೆಲಸ ಹೋದರೂ ಮನೆಕೆಲಸ ಹೋಗಿರಲಿಲ್ಲ. ನನ್ನದೂ ಅದೇ ಕಥೆ. ಹತ್ತು ಗಂಟೆಗೆ ಮುಗಿಯಬೇಕಾದ ಸ್ನಾನ ಹನ್ನೆರಡಕ್ಕೆ ಮುಗಿಯುತ್ತಿತ್ತು.

ಕೆಲಸ ತಗೊಳ್ಳುವಾಗ ತುಂಡು ತಗೋಬೇಡಿ, ಇಡಿಯಾಗಿ ತಗೊಳ್ಳಿ. ನಾನು ತಗೊಂಡಿದ್ದು ಡಬ್ಬಿ. ಅಂದರೆ ರಾತ್ರಿಯೇ ಫ್ರಿಜ್ ನೋಡಿ ನಾಳೆ ಏನು ಅಂತ ಯೋಚಿಸುವುದು, ಕಾಯಿ ತುರಿದಿಡುವುದು, ಬೆಳಿಗ್ಗೆ 7:40ಕ್ಕೆ ಎರಡು ಡಬ್ಬಿ ಮುಚ್ಚಳ ಹಾಕುವುದು, ಸಂಜೆ ಅವು ವಾಪಸ್ ಬಂದ ಮೇಲೆ ತೊಳೆಯುವುದು. "ಏನು ಮಾಡ್ಲಿ ಹೇಳು" ಅಂತ ಅವಳನ್ನು ಕೇಳಿದರೆ ಅರ್ಧ ಕೆಲಸ ಅವಳ ತಲೆಯಲ್ಲೇ ಉಳಿಯಿತು ಅಂತ ಅರ್ಥ. ಹೆಂಡತಿಯರಿಗೂ ಒಂದು ಮಾತು: ಬಿಟ್ಟ ಮೇಲೆ ಬಿಟ್ಟುಬಿಡಿ. ನಾನು ಮಾಡಿದ ಮೊದಲ ವಾಂಗಿಬಾತಿಗೆ ಬದನೆಕಾಯಿ ಬೆಂದು ಪಾಯಸ ಆಗಿತ್ತು. ಅವಳು ಬಾಯಿ ಮುಚ್ಚಿಕೊಂಡು ತಿಂದಳು. ಎರಡನೇ ವಾರ ಸರಿಹೋಯಿತು. ಬಂದು ಸೌಟು ಕಸಿದುಕೊಂಡಿದ್ದರೆ ಅಲ್ಲಿಗೇ ಬಿಡುತ್ತಿದ್ದೆ.

ಕೆಲಸ ಹುಡುಕೋಕೂ ಗಂಟೆ ಕಟ್ಟಿಕೊಳ್ಳಿ. ನನ್ನದು ಒಂಬತ್ತೂವರೆಯಿಂದ ಒಂದರವರೆಗೆ. ಆ ಹೊತ್ತಿನಲ್ಲಿ ಗ್ಯಾಸಿನವನು ಬಂದರೂ ಅಮ್ಮನೇ ಬಾಗಿಲು ತೆಗೆಯಬೇಕು. ಹಾಗಿಲ್ಲದಿದ್ದರೆ ಇಡೀ ದಿನ ಹುಡುಕಿದ ಹಾಗೂ ಇರುತ್ತದೆ, ಏನೂ ಮಾಡಿಲ್ಲದ ಹಾಗೂ ಇರುತ್ತದೆ.

4. ಅಮ್ಮ, ನೆಂಟರು, ಮತ್ತು ಒಂದೇ ವಾಕ್ಯ

ನಾನು ಸಿಂಕಿನ ಮುಂದೆ ನಿಂತಿದ್ದನ್ನು ನೋಡಿ ಅಮ್ಮ ಕಣ್ಣಲ್ಲಿ ನೀರು ಹಾಕಿಕೊಂಡರು. "ಬಿಡೋ, ನಾನ್ ತೊಳೀತೀನಿ. ನಿಮ್ಮಪ್ಪ ಒಂದಿನ ಲೋಟ ತೊಳ್ದಿರ್ಲಿಲ್ಲ ಕಣೋ." ಇದನ್ನು ಹೆಂಡತಿ ಎದುರಿಗೇ ಅಂದರು. ಅವಳು ಆಗತಾನೇ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಮಾತು ಚುಚ್ಚಿದ್ದು ಯಾರಿಗೆ ಅಂತ ಹೇಳಬೇಕಾ?

ಇಲ್ಲಿ ಉತ್ತರ ಕೊಡಬೇಕಾದವನು ಮಗ, ಸೊಸೆ ಅಲ್ಲ. ಸೊಸೆ ಕೊಟ್ಟರೆ ಅದು ಜಗಳ ಆಗುತ್ತದೆ. ನಾನು ಅಂದೆ: "ಅಮ್ಮ, ಅವಳು ಹೇಳಿ ಮಾಡ್ತಿಲ್ಲ. ಈಗ ಇದು ನನ್ನ ಕೆಲಸ. ನೀನು ಬೇಕಾದ್ರೆ ಬೆಳ್ಳುಳ್ಳಿ ಸುಲಿದು ಕೊಡು." ಒಂದೇ ಸಲಕ್ಕೆ ಆಗಲಿಲ್ಲ. ಮೂರು ನಾಲ್ಕು ಸಲ ಹೇಳಬೇಕಾಯ್ತು.

ನೆಂಟರಿಗೆ ಹೇಳುವ ವಾಕ್ಯವನ್ನು ಇಬ್ಬರೂ ಸೇರಿ ಮೊದಲೇ ಮಾಡಿಟ್ಟುಕೊಳ್ಳಿ. ನಮ್ಮದು: "ಕಂಪನೀಲಿ ಜನ ಕಡಿಮೆ ಮಾಡಿದ್ರು, ಬೇರೆ ನೋಡ್ತಿದೀನಿ, ಸದ್ಯಕ್ಕೆ ಮನೆ ನಾನು ನೋಡ್ಕೊಳ್ತಿದೀನಿ." ಅಷ್ಟೇ, ಅದಕ್ಕಿಂತ ಜಾಸ್ತಿ ಬೇಡ. ಒಬ್ಬರು ಒಂದು ಹೇಳಿ ಇನ್ನೊಬ್ಬರು ಇನ್ನೊಂದು ಹೇಳಿದರೆ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಸಿಕ್ಕಿಬೀಳುತ್ತೀರಿ. ನಾವು ಬಿದ್ದಿದ್ದೇವೆ. ಅವಳು ಪಾಪ, ನನ್ನ ಮಾನ ಉಳಿಸೋಕೆ ಅಂತ "ವರ್ಕ್ ಫ್ರಮ್ ಹೋಮ್" ಅಂದಿದ್ದಳು. ಆಮೇಲೆ ತಿಳಿಯಿತು, ಬ್ಯಾಂಕಿನಲ್ಲಿ ಅವಳಿಗೆ ಸಿಕ್ಕಿದ್ದ ಬಡ್ತಿಯನ್ನೂ ನನ್ನಿಂದ ಎರಡು ವಾರ ಮುಚ್ಚಿಟ್ಟಿದ್ದಳು. ಗಂಡ ಕುಗ್ಗಿದಾಗ ಹೆಂಡತಿ ತಾನೂ ಕುಗ್ಗಿ ಅಳತೆ ಸರಿ ಮಾಡುತ್ತಾಳೆ. ಇದನ್ನು ಮಾಡಬೇಡಿ. ಒಂದು ದಿನ ಗೊತ್ತಾಗೇ ಆಗುತ್ತದೆ, ಗೊತ್ತಾದಾಗ ಗಂಡನಿಗೆ ಕರುಣೆಯ ವಾಸನೆ ಹೊಡೆಯುತ್ತದೆ.

5. ಹಾಸಿಗೆ

ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಎರಡನೇ ತಿಂಗಳು ಒಂದು ರಾತ್ರಿ ನಡುವೆಯೇ ನನ್ನ ಕೈಲಿ ಆಗಲಿಲ್ಲ. ಹದಿಮೂರು ವರ್ಷದ ಮದುವೆಯಲ್ಲಿ ಹಾಗೆ ಆಗಿರಲಿಲ್ಲ ಅಂತಲ್ಲ, ಆದರೆ ಈ ಸಲ ನನಗೆ ಅದೂ ಒಂದು ಲೇಆಫ್ ಅನ್ನಿಸಿತು. ಮುಂದಿನ ಸಲ ಶುರುವಿಗೆ ಮೊದಲೇ "ಆಗುತ್ತೋ ಇಲ್ವೋ" ಅಂತ ನನ್ನನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಮತ್ತೆ ಆಗಲಿಲ್ಲ. ಆಮೇಲೆ ಸುಲಭದ ದಾರಿ ಹಿಡಿದೆ. ರಾತ್ರಿ ಒಂದರವರೆಗೆ ಹಾಲ್‌ನಲ್ಲಿ ಫೋನ್ ನೋಡುವುದು, ಅವಳು ಮಲಗಿದ ಮೇಲೆ ಬೆಕ್ಕಿನ ಹಾಗೆ ಒಳಗೆ ಹೋಗುವುದು. ನಾನು ಅಂದುಕೊಂಡಿದ್ದು, ಅವಳಿಗೆ ನನ್ನ ಮೇಲೆ ಗೌರವ ಹೋಗಿದೆ ಅಂತ. ಅವಳು ಅಂದುಕೊಂಡಿದ್ದು, ಇವರಿಗೆ ನನ್ನ ಮೇಲೆ ಆಸೆ ಹೋಗಿದೆ, ಇಲ್ಲವೇ ನಾನು ದುಡಿಯುವುದೇ ಇವರಿಗೆ ಆಗುತ್ತಿಲ್ಲ ಅಂತ. ಇಬ್ಬರೂ ತಪ್ಪು. ಹೇಳಿಕೊಳ್ಳೋಕೆ ಹತ್ತು ವಾರ ಬೇಕಾಯ್ತು.

ದೇಹದಲ್ಲಿ ಆಗುವುದು ಇಷ್ಟು. ಗಾಬರಿ ಆದಾಗ ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ನಿಮಿರುವುದಕ್ಕೆ ಅದೇ ನಾಳಗಳು ಸಡಿಲ ಆಗಬೇಕು. ಹಾಗಾಗಿ "ಆಗಲೇಬೇಕು" ಅನ್ನುವ ಒತ್ತಡವೇ ಆಗದಂತೆ ನೋಡಿಕೊಳ್ಳುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು, ಇಲ್ಲಿ ಗಟ್ಟಿ ಮಾಡಿಕೊಳ್ಳುವುದೇ ತೊಂದರೆ.

ಮೊದಲು ಇದು ಮನಸ್ಸಿನದ್ದಾ ದೇಹದ್ದಾ ಅಂತ ನೋಡಿಕೊಳ್ಳಿ. ಬೆಳಿಗ್ಗೆ ಎದ್ದಾಗ ಸರಿ ಇದ್ದು, ಒಬ್ಬರೇ ಇದ್ದಾಗಲೂ ಸರಿ ಇದ್ದು, ಜೊತೆಯಲ್ಲಿ ಮಾತ್ರ ಆಗದಿದ್ದರೆ, ಅದೂ ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಹೆಚ್ಚಾಗಿ ಚಿಂತೆಯದ್ದು. ತಿಂಗಳುಗಟ್ಟಲೆ ನಿಧಾನವಾಗಿ ಕಡಿಮೆಯಾಗಿದ್ದರೆ, ಬೆಳಿಗ್ಗೆಯೂ ಇಲ್ಲದಿದ್ದರೆ, ಡಾಕ್ಟರ ಹತ್ತಿರ ಹೋಗಿ ಶುಗರ್, ಬಿಪಿ, ಕೊಲೆಸ್ಟರಾಲ್ ನೋಡಿಸಿ. ನಲವತ್ತು ದಾಟಿದವರಲ್ಲಿ ಇದು ಹೃದಯದ ರಕ್ತನಾಳದ ತೊಂದರೆಯ ಮುನ್ಸೂಚನೆಯೂ ಆಗಿರಬಹುದು. ಬಿಪಿಯ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಹಾಗಂತ ನೀವಾಗೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ, ಬದಲಾಯಿಸುತ್ತಾರೆ. ಮೆಡಿಕಲ್ ಶಾಪಿನಲ್ಲಿ ಪಿಸುಮಾತಿನಲ್ಲಿ ಕೇಳಿ ತರುವ ಮಾತ್ರೆ ಬೇಡ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಅದರ ಜೊತೆ ಸಿಲ್ಡೆನಾಫಿಲ್, ಅಂದರೆ ವಯಾಗ್ರ, ತಗೊಂಡರೆ ಬಿಪಿ ಪಾತಾಳಕ್ಕೆ ಹೋಗುತ್ತದೆ, ಪ್ರಾಣಕ್ಕೇ ಅಪಾಯ. ಇನ್ನು ಎರಡು ಪೆಗ್ ಹಾಕಿದರೆ ಧೈರ್ಯ ಬರುತ್ತೆ ಅನ್ನೋದು. ಧೈರ್ಯ ಬರುತ್ತೆ, ಬೇರೆ ಏನೂ ಬರಲ್ಲ.

ನನ್ನ ಶುಗರ್ ಸರಿ ಇತ್ತು. ಡಾಕ್ಟರು ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಅವರು ಹೇಳಿದ್ದು ಕೇಳಿ ನನಗೆ ನಗು ಬಂತು: ಕೆಲವು ವಾರ ಸಂಭೋಗ ನಿಷೇಧ. ಇದು ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ, 1970ರ ಹೊತ್ತಿನಿಂದ ಬಳಕೆಯಲ್ಲಿರುವ ವಿಧಾನ. ಮಾಡುವುದು ಹೀಗೆ. ವಾರಕ್ಕೆ ಎರಡು ಮೂರು ಸಲ, ಅರ್ಧ ಗಂಟೆ, ಫೋನು ಹೊರಗೆ. ಹದಿನೈದು ನಿಮಿಷ ಒಬ್ಬರು ಇನ್ನೊಬ್ಬರನ್ನು ಮುಟ್ಟುವುದು: ಬೆನ್ನು, ತೋಳು, ತಲೆಗೂದಲು, ಪಾದ. ಎದೆ ಮತ್ತು ಜನನಾಂಗ ಮುಟ್ಟುವಂತಿಲ್ಲ. ಆಮೇಲೆ ಅದಲುಬದಲು. ಮುಟ್ಟಿಸಿಕೊಳ್ಳುವವರು ಒಂದೇ ಕೆಲಸ ಮಾಡಬೇಕು, ಇಷ್ಟ ಆಗದ್ದನ್ನು ಹೇಳುವುದು. ಆಸೆ ಬಂದರೂ ಅವತ್ತು ಮುಂದೆ ಹೋಗುವಂತಿಲ್ಲ. ಮೂರನೇ ವಾರದಿಂದ ಎಲ್ಲ ಕಡೆ ಮುಟ್ಟಬಹುದು, ಆದರೆ ಸಂಭೋಗ ಇಲ್ಲ. ಅದು ಸಲೀಸಾದ ಮೇಲೆ ಮುಂದಿನದು, ಅದೂ ಆತುರ ಇಲ್ಲದೆ.

ಪರೀಕ್ಷೆಯೇ ಇಲ್ಲ ಅಂದಮೇಲೆ ಫೇಲ್ ಆಗುವುದು ಎಲ್ಲಿಂದ? ಅಷ್ಟೇ ಇದರ ಗುಟ್ಟು. ನಮಗೆ ಮೊದಲ ದಿನ ಬರೀ ಮುಜುಗರ. ಎರಡನೇ ದಿನ ಅವಳು ನನ್ನ ಕೈ ಅವಳ ಪಾದದ ಮೇಲಿರುವಾಗಲೇ ನಿದ್ದೆ ಹೋದಳು. ಮೊದಲಾಗಿದ್ದರೆ ಅವಮಾನ ಅಂದುಕೊಳ್ಳುತ್ತಿದ್ದೆ. ಎಂಟು ಗಂಟೆ ಕೌಂಟರಿನಲ್ಲಿ ಕೂತು ಬಂದವಳ ಪಾದ ಊದಿಕೊಂಡಿರುತ್ತದೆ ಅಂತ ಗೊತ್ತಾಗಿದ್ದೇ ಅವತ್ತು. ಕಟ್ಟಳೆ ಮುರಿದು ಮಧ್ಯದಲ್ಲೇ ಮುಂದೆ ಹೋಗುವುದು ಇದರಲ್ಲಿ ಎಲ್ಲರೂ ಮಾಡುವ ತಪ್ಪು. ಅಲ್ಲಿ ಒಂದು ಸಲ ಎಡವಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಹೆಂಡತಿಯರಿಗೆ ಎರಡು ಮಾತು. ಬೇಡ ಅನ್ನಿಸಿದರೆ ಬೇಡ ಅನ್ನಿ, ಪಾಪ ಅಂತ ಒಪ್ಪಿಕೊಳ್ಳಬೇಡಿ, ಅದು ಮೈಗೆ ಗೊತ್ತಾಗುತ್ತದೆ. ಆದರೆ ಬರೀ "ಸುಸ್ತು" ಅಂತ ಆ ಕಡೆ ತಿರುಗಿದರೆ ಕೆಲಸ ಕಳೆದುಕೊಂಡವನು ಅದಕ್ಕೆ ತನ್ನದೇ ಅರ್ಥ ಹಚ್ಚಿಕೊಳ್ಳುತ್ತಾನೆ. "ಇವತ್ತು ತಿಂಗಳ ಕೊನೆ ಲೆಕ್ಕ, ಮೈಯೆಲ್ಲ ನೋವು, ಶನಿವಾರ" ಅಂದರೆ ಕಾರಣವೂ ಇದೆ, ದಿನವೂ ಇದೆ. ಅವಳು ನನಗೆ ಹಾಗೆ ಹೇಳೋಕೆ ಶುರು ಮಾಡಿದ ಮೇಲೆ ಶನಿವಾರ ಬಂತೋ ಬಿಡ್ತೋ, ಅವತ್ತಿನ ರಾತ್ರಿಯಂತೂ ಹಗುರ ಆಯ್ತು. ಗಂಡಸರಿಗೆ ಒಂದೇ ಮಾತು: ಅವಳು ಮಲಗುವ ಹೊತ್ತಿಗೇ ನೀವೂ ಮಲಗಿ. ಬೇರೇನೂ ನಡೆಯದಿದ್ದರೂ ಕತ್ತಲಲ್ಲಿ ಹತ್ತು ನಿಮಿಷ ಮಾತು ನಡೆಯುತ್ತದೆ. ಆ ಮಾತಲ್ಲಿ ಇಎಂಐ ಬರಬಾರದು. ದುಡ್ಡನ್ನು ಭಾನುವಾರಕ್ಕೆ, ಹಾಲ್‌ಗೆ ಕಟ್ಟಿಹಾಕಿ ಅಂದಿದ್ದು ಇದಕ್ಕೇ.

6. ಇಷ್ಟಕ್ಕೆ ಬಗ್ಗದಿದ್ದರೆ

ಮೇಲಿನದ್ದೆಲ್ಲ ಇಬ್ಬರಿಗೂ ಒಳ್ಳೆ ಮನಸ್ಸಿರುವ ಮನೆಗೆ. ಗಂಡ ಹೆಂಡತಿಯ ಸಂಬಳದ ಕಾರ್ಡ್ ಕಿತ್ತಿಟ್ಟುಕೊಂಡರೆ, ಯಾರ ಜೊತೆ ಮಾತಾಡಿದೆ ಅಂತ ಫೋನ್ ತಪಾಸಣೆ ಮಾಡಿದರೆ, ಬೇಡ ಅಂದರೂ ಬಲವಂತ ಮಾಡಿದರೆ, ಕೈ ಎತ್ತಿದರೆ ಅದು ಅಹಂಕಾರಕ್ಕೆ ಪೆಟ್ಟು ಬಿತ್ತು ಪಾಪ ಅಂತ ಸಹಿಸುವ ವಿಷಯ ಅಲ್ಲ, ಹಿಂಸೆ. ಮಹಿಳಾ ಸಹಾಯವಾಣಿ 181. ಇನ್ನೊಂದು ಕಡೆ, ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸ್ನಾನ ಬೇಡ, ಕುಡಿತ ಬೆಳಿಗ್ಗೆಗೆ ಬಂದಿದೆ, "ನಾನಿಲ್ಲದಿದ್ರೆ ವಿಮೆ ದುಡ್ಡಾದ್ರೂ ಬರುತ್ತೆ" ಅಂತ ತಮಾಷೆ ಮಾಡುತ್ತಿದ್ದಾನೆ ಅಂದರೆ ಅದನ್ನು ತಮಾಷೆ ಅಂದುಕೊಳ್ಳಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಮಾಡಬಹುದು.

7. ಕೆಲಸ ಸಿಕ್ಕ ವಾರ

ಏಳನೇ ತಿಂಗಳು ಕೆಲಸ ಸಿಕ್ಕಿತು, 1,05,000ಕ್ಕೆ. ಮೊದಲಿಗಿಂತ 33,000 ಕಡಿಮೆ. ಆ ವಾರವೇ ಮತ್ತೆ ಹಾಳೆ ಹಿಡಿದು ಕೂರಬೇಕು, ಇಲ್ಲವಾದರೆ ಎಲ್ಲ ಸದ್ದಿಲ್ಲದೆ ಹಳೆಯ ಜಾಗಕ್ಕೆ ಹೋಗುತ್ತದೆ. ಮೊದಲ ದಿನ ನಾನು ಶೂ ಹಾಕುತ್ತಿದ್ದಾಗ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಡಬ್ಬಿ ಇನ್ಮೇಲೆ ಯಾರದ್ದು ರೀ?" ಅಂದಳು. ದನಿಯಲ್ಲಿ ಜಗಳ ಇರಲಿಲ್ಲ, ಆದರೆ ತಮಾಷೆಯೂ ಇರಲಿಲ್ಲ. ಅವತ್ತೇ ಭಾಗ ಮಾಡಿಕೊಂಡೆವು. ಸೋಮ, ಬುಧ, ಶುಕ್ರ ನಾನು. ಮಂಗಳ, ಗುರು ಅವಳು. ಶನಿವಾರ ಯಾರು ಮೊದಲು ಏಳುತ್ತಾರೋ ಅವರು, ಹಾಗಾಗಿ ಶನಿವಾರ ಇಬ್ಬರೂ ನಿದ್ದೆ ಬಂದ ಹಾಗೆ ನಟಿಸುತ್ತೇವೆ. ಜಂಟಿ ಖಾತೆ ಹಾಗೇ ಇದೆ, ಕಾರ್ಡು ನನ್ನ ಪರ್ಸ್‌ನಲ್ಲೇ ಇದೆ.

ಅಮ್ಮ ಮಾತ್ರ ಈಗಲೂ ನಾನು ಪಾತ್ರೆಗೆ ಕೈ ಹಾಕಿದರೆ ಎದ್ದು ಬಂದು ಕಿಟಕಿ ಮುಚ್ಚುತ್ತಾರೆ. ಎದುರು ಮನೆಯವರಿಗೆ ಕಾಣಬಾರದಂತೆ.